ವಾರಂಟಿ ಇಲ್ಲ ಅನ್ನುವ ಮೊದಲು ಮೋಟರ್ ಬಿಚ್ಚಿ ತೋರಿಸುತ್ತೇನೆ

ತುಮಕೂರು ಕಡೆ ನನ್ನದು ಬೋರ್‌ವೆಲ್ ಮೋಟರ್ ಮಾರಾಟ ಮತ್ತು ರಿಪೇರಿ ಅಂಗಡಿ. ಬೇಸಿಗೆಯಲ್ಲಿ ಹೆಚ್ಚು ಬರುವ ಮಾತು, 'ವಾರಂಟಿ ಇದೆ, ಬದಲಾಯಿಸಿ ಕೊಡಿ'. ಫೋನಿನಲ್ಲಿ ನಾನು ಹೂಂ ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. 'ತಂದುಬಿಡಿ, ನಿಮ್ಮ ಎದುರೇ ಬಿಚ್ಚೋಣ' ಅನ್ನುತ್ತೇನೆ.

ಹೋದ ಏಪ್ರಿಲ್‌ನಲ್ಲಿ ಅಡಿಕೆ ತೋಟದ ಹಿರಿಯರೊಬ್ಬರು ಎಂಟು ತಿಂಗಳ ಹಿಂದೆ ಕೊಂಡಿದ್ದ 5 ಎಚ್‌ಪಿ ಮೋಟರ್ ತಂದರು. ಮೋಟರ್ ಎತ್ತಿಸಲು ಆಗಲೇ ಕೂಲಿ ಕೊಟ್ಟಿದ್ದರು. ಮುಖದಲ್ಲಿ ದಣಿವು, ಸಿಟ್ಟು ಎರಡೂ ಇತ್ತು. ಮೊದಲು ಕೂರಿಸಿ ನೀರು ಕೊಟ್ಟೆ. ಆಮೇಲೆ ಮೋಟರ್ ಬಿಚ್ಚಿದೆ.

ವೈಂಡಿಂಗ್, ಅಂದರೆ ಮೋಟರ್ ಒಳಗಿನ ತಂತಿ ಸುರುಳಿ ನೋಡಿದರೆ ಕಾರಣ ಗೊತ್ತಾಗುತ್ತದೆ. ತಯಾರಿಕೆಯ ದೋಷವಾದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸುಟ್ಟಿರುತ್ತದೆ, ಉಳಿದದ್ದು ಚೆನ್ನಾಗಿರುತ್ತದೆ. ಮೂರೂ ಫೇಸಿನ ಸುರುಳಿ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ಕಡಿಮೆ ವೋಲ್ಟೇಜ್. ಇವರ ಮೋಟರ್ ಸ್ಟಾರ್ ಕನೆಕ್ಷನ್‌ನದು. ಎರಡು ಫೇಸಿನ ಸುರುಳಿ ಕರಕಲಾಗಿತ್ತು, ಮೂರನೆಯದು ಹೊಸದರಂತೆ ಇತ್ತು. ಸ್ಟಾರ್‌ನಲ್ಲಿ ಹೀಗಾಗಿದ್ದರೆ ಒಂದು ಫೇಸ್ ಬಂದೇ ಇರಲಿಲ್ಲ ಅಂತ ಅರ್ಥ.

'ನಿಮ್ಮ ತಪ್ಪು' ಅನ್ನುವ ಮಾತು ನನ್ನ ಬಾಯಿಂದ ಬರಬಾರದು. 'ಯಜಮಾನ್ರೇ, ಇಲ್ಲಿ ಕೈಯಿಟ್ಟು ನೋಡಿ, ಇದು ಸುಟ್ಟಿಲ್ಲ ಅಲ್ವಾ?' ಅಂದೆ. ಅವರೇ ನೆನಪು ಮಾಡಿಕೊಂಡರು. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಪದೇ ಪದೇ ಟ್ರಿಪ್ ಆಗುತ್ತಿತ್ತಂತೆ, ಅದನ್ನು ತಪ್ಪಿಸಿ ವೈರ್ ಕೊಟ್ಟಿದ್ದರು. ರಾತ್ರಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ಫ್ಯೂಸ್ ಹೋಗಿತ್ತು. ಎರಡೇ ಫೇಸ್ ಬಂದಾಗ ಆಟೋ ಸ್ಟಾರ್ಟರ್ ಮೋಟರ್‌ಗೆ ಕರೆಂಟ್ ಕೊಟ್ಟಿದೆ. ಮೋಟರ್ ತಿರುಗಲಾಗದೆ ಗುಂಯ್ ಅನ್ನುತ್ತಾ ಸುಟ್ಟಿದೆ.

ಆಗ ನೇರವಾಗಿ ಹೇಳಿದೆ: 'ಇದಕ್ಕೆ ವಾರಂಟಿ ಬರಲ್ಲ. ಕಂಪನಿಗೆ ಕಳಿಸಿ ನೋಡೋಣ ಅಂತ ನಾನು ಸುಮ್ನೆ ಹೇಳಬಹುದು. ಆದರೆ ಅಷ್ಟರಲ್ಲಿ ತೋಟ ಒಣಗುತ್ತೆ.' ಆ ಸುಳ್ಳು ಆಸೆ ಕೊಡುವುದೇ ನಿಜವಾದ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಹಾಗಂತ ಅವರ ದಾರಿ ಮುಚ್ಚಲಿಲ್ಲ. ವೈಂಡಿಂಗ್ ಫೋಟೋ, ಕಾರಣ ಬರೆದ ಚೀಟಿ ಕೊಟ್ಟೆ. ಬೇಕಿದ್ದರೆ ಕಂಪನಿಯವರನ್ನೇ ಕೇಳಬಹುದು.

ಪಂಪ್ ಭಾಗ ಕೈಯಲ್ಲಿ ತಿರುಗಿಸಿದೆ, ಸಲೀಸಾಗಿ ತಿರುಗಿತು. ಹಾಗಾಗಿ ಪೂರ್ತಿ ಸೆಟ್ ಕೊಳ್ಳಬೇಕಿಲ್ಲ ಅಂದೆ. ಮೋಟರ್ ಮಾತ್ರ ಹೊಸದು ಹಾಕಬಹುದು, ಇಲ್ಲವೇ ಹೊಸ ತಂತಿ ಸುತ್ತಿಸಿ ರಿವೈಂಡಿಂಗ್ ಮಾಡಿಸಬಹುದು. ರಿವೈಂಡಿಂಗ್‌ಗೆ ಖರ್ಚು ತುಂಬಾ ಕಡಿಮೆ, ಆದರೆ ಕಂಪನಿ ವಾರಂಟಿ ಅಲ್ಲಿಗೆ ಮುಗಿಯುತ್ತದೆ. ಅದನ್ನೂ ಮುಚ್ಚಿಡಲಿಲ್ಲ. ನನ್ನ ಕೆಲಸಕ್ಕೆ ಆರು ತಿಂಗಳ ಹೊಣೆ ಬರೆದುಕೊಟ್ಟೆ.

ಅವರು ರಿವೈಂಡಿಂಗ್ ಆರಿಸಿದರು. ನೀರು ತುಂಬಿಸಿ, ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಹಿಡಿದು ನೋಡಿ ಕೊಡಲು ಮೂರು ದಿನ ಬೇಕಾಯಿತು. ಅಲ್ಲಿಯವರೆಗೆ ಅಂಗಡಿಯ ಸ್ಪೇರ್ ಮೋಟರ್ ಕಳಿಸಿದೆ. ನಮ್ಮ ಹುಡುಗ ಹೋಗಿ ಅದನ್ನು ಇಳಿಸುವ ಮೊದಲು ಪ್ರಿವೆಂಟರ್ ಬದಲಾಯಿಸಿದ. ಹಳೆಯದರ ಒಂದು ವೈರ್ ಲೂಸ್ ಆಗಿತ್ತು, ಅದಕ್ಕೇ ಅಷ್ಟು ಸಲ ಟ್ರಿಪ್ ಆಗುತ್ತಿತ್ತು.