ಪಿನ್ ಉಣಕಲ್‌ದು, ಮನೆ ನವನಗರದ್ದು

ಹುಬ್ಬಳ್ಳಿಯಲ್ಲಿ ಡೆಲಿವರಿ ಮಾಡುವವರಿಗೆಲ್ಲ ಈ ತಲೆನೋವು ಗೊತ್ತು. ಗ್ರಾಹಕರು ಮ್ಯಾಪಿನಲ್ಲಿ ಪಿನ್ ಒಂದು ಕಡೆ ಇಟ್ಟಿರುತ್ತಾರೆ, ವಿಳಾಸ ಬರೆದಿದ್ದು ಇನ್ನೊಂದು ಕಡೆ. ಆಪ್ ಟೈಮ್ ಲೆಕ್ಕ ಹಾಕೋದು ಪಿನ್ ನೋಡಿ. ನಾವು ಹೋಗೋದು ಮನೆಗೆ. ಬಿಆರ್‌ಟಿಎಸ್ ರಸ್ತೆಯಲ್ಲಿ ಬೇಕಾದಲ್ಲಿ ತಿರುಗೋಕೂ ಆಗಲ್ಲ, ಯೂ ಟರ್ನ್ ಸಿಗೋವರೆಗೆ ಹೋಗಲೇಬೇಕು.

ನನಗೆ ಬಂದ ಆರ್ಡರ್‌ನಲ್ಲಿ ಪಿನ್ ಉಣಕಲ್‌ನಲ್ಲಿತ್ತು, ಮನೆ ನವನಗರದಲ್ಲಿ. ಫೋನ್ ಮಾಡಿದರೆ "ಅಣ್ಣಾ, ಇಲ್ಲೇ ಬರ್ರಿ, ಹತ್ರಾನೇ ಐತಿ" ಅಂದರು. ಕೊಟ್ಟು ಬಂದೆ. ರಾತ್ರಿ ನೋಡಿದರೆ ಒಂದು ಸ್ಟಾರ್, ಜೊತೆಗೆ "ತಲುಪಿಲ್ಲ" ಅಂತ ದೂರು, ಊಟದ ಪೂರ್ತಿ ಹಣ ನನ್ನ ಗಳಿಕೆಯಿಂದ ಕಟ್.

ನಾನು ಬಚಾವಾಗಿದ್ದು ಚಾಟ್‌ನಿಂದ. ಪಿನ್ ತಪ್ಪಿದೆ ಅಂತ ಗೊತ್ತಾದರೆ ಹೊರಡೋ ಮೊದಲೇ ಆಪ್ ಚಾಟ್‌ನಲ್ಲಿ "ಪಿನ್ ಉಣಕಲ್ ತೋರಿಸ್ತಿದೆ, ನೀವು ಹೇಳಿದಂತೆ ನವನಗರಕ್ಕೆ ಬರ್ತಿದ್ದೇನೆ" ಅಂತ ಬರೆಯೋದು ನನ್ನ ರೂಢಿ. ಕಾಲ್ ಲಾಗ್‌ನಲ್ಲಿ ಎಷ್ಟು ಹೊತ್ತು ಮಾತಾಡಿದೆವು ಅನ್ನೋದಷ್ಟೇ ಇರುತ್ತೆ, ಏನು ಮಾತಾಡಿದೆವು ಅನ್ನೋದು ಇರಲ್ಲ. ಆರ್ಡರ್ ಮುಗಿದ ಮೇಲೆ ಆ ಚಾಟ್ ತೆರೆಯೋಕೆ ಆಗಲ್ಲ, ಅದಕ್ಕೇ ಗೇಟಿನಲ್ಲಿ ನಿಂತೇ ಸ್ಕ್ರೀನ್‌ಶಾಟ್ ತೆಗೆಯುತ್ತೇನೆ. ಮೇಲೆ ಟೈಮ್, ಕೆಳಗೆ ಆರ್ಡರ್ ನಂಬರ್ ಕಾಣಬೇಕು. ಮನೆ ನಂಬರ್ ಕಾಣುವ ಹಾಗೆ ಬಾಗಿಲ ಮುಂದೆ ಪೊಟ್ಟಣದ ಒಂದು ಫೋಟೋನೂ ಬೇಕು.

ಮೊದಲು ದೂರನ್ನು "ರೇಟಿಂಗ್" ವಿಭಾಗದಲ್ಲಿ ಹಾಕಿದೆ. ಕಣ್ಣು ಮಿಟುಕಿಸೋದರಲ್ಲಿ ಸಿದ್ಧ ಉತ್ತರ ಬಂತು, ಟಿಕೆಟ್ ಕ್ಲೋಸ್. ಅಷ್ಟು ಬೇಗ ಬಂದ ಉತ್ತರವನ್ನು ಮನುಷ್ಯ ಬರೆದಿರಲ್ಲ ಬಿಡಿ. ಆಮೇಲೆ "ಹಣ ಕಡಿತ" ವಿಭಾಗದಲ್ಲಿ ಹೊಸ ಟಿಕೆಟ್ ಹಾಕಿ, ಸ್ಟಾರ್ ಬಗ್ಗೆ ಒಂದು ಮಾತೂ ಎತ್ತದೆ, ಯಾವ ಆರ್ಡರ್, ಎಷ್ಟು ಹಣ, ಎಷ್ಟು ಗಂಟೆಗೆ ಕೊಟ್ಟೆ ಅನ್ನೋದಷ್ಟೇ ಬರೆದು ಫೋಟೋಗಳನ್ನು ಸೇರಿಸಿದೆ. ಅದನ್ನೂ ಮುಚ್ಚಿದರು. ಆಗ ಅದೇ ಟಿಕೆಟ್ ನಂಬರ್ ಹಾಕಿ ಮೇಲ್ ಮಾಡಿದೆ, ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಹೆಸರನ್ನೂ ಬರೆದೆ. ಹಣ ಕಡಿದರೆ ಕಾರಣ ತಿಳಿಸಬೇಕು, ಕೆಲಸಗಾರ ಮಾತಾಡೋಕೆ ಒಬ್ಬ ಮನುಷ್ಯ ಇರಬೇಕು ಅಂತ ಅದರಲ್ಲಿದೆ. "ಆ ಮನುಷ್ಯ ಯಾರು, ಹೆಸರು ಕೊಡಿ" ಅಂತ ಕೇಳಿದೆ, ಅಷ್ಟೇ. ಹೆಸರು ಬರಲಿಲ್ಲ, ಫೋನ್ ಬಂತು. ಚಾಟ್ ಓದಿ ನೋಡಿದ ಹುಡುಗ "ಇದು ನಿಮ್ ತಪ್ಪಲ್ಲ ಅಲ್ರೀ" ಅಂದ. ಮುಂದಿನ ಪೇಔಟ್‌ನಲ್ಲಿ ಹಣ ವಾಪಸ್ ಬಂತು.

ಸ್ಟಾರ್ ಮಾತ್ರ ಹೋಗಲಿಲ್ಲ. ಅದನ್ನು ತೆಗೆಯೋ ಅಧಿಕಾರ ನಮಗಿಲ್ಲ ಅಂದ ಅವನು. ಹೊಸ ರೇಟಿಂಗ್ ಬರ್ತಾ ಬರ್ತಾ ಹಳೆಯದು ಹಿಂದೆ ಸರಿಯುತ್ತೆ, ಅಲ್ಲಿವರೆಗೆ ಒಳ್ಳೆ ಸ್ಲಾಟ್ ಸಿಗೋದು ಕಷ್ಟ.

ಇನ್ನೊಂದು ವಿಷಯ ಜನ ಬೆರೆಸಿಕೊಳ್ಳುತ್ತಾರೆ. ಕಾಯ್ದೆಯಲ್ಲಿರುವ 14 ದಿನದ ಮುಂಚಿನ ನೋಟಿಸ್ ಕೆಲಸದಿಂದ ತೆಗೆಯೋದಕ್ಕೆ ಸಂಬಂಧಿಸಿದ್ದು, ಇಂಥ ದಂಡಕ್ಕಲ್ಲ. ಐಡಿ ಪೂರ್ತಿ ಬಂದ್ ಮಾಡಿದರೆ ಅದನ್ನು ಎತ್ತಿ, ಲಿಖಿತ ಕಾರಣ ಕೇಳಿ. ದಂಡದ ಟಿಕೆಟ್‌ನಲ್ಲಿ ಅದನ್ನು ಬರೆದರೆ ಮತ್ತೆ ಸಿದ್ಧ ಉತ್ತರವೇ ಬರೋದು.