ಕಿಡಿ ಹಾರುವ ಲೈನಿನ ಬಗ್ಗೆ ವಿದ್ಯುತ್ ಸೆಕ್ಷನ್ ಆಫೀಸಿಗೆ ಬರೆದ ಪತ್ರ

‘ನಮ್ಮ ಅಂಗಡಿ ಎದುರಿನ ಲೈನಿನಲ್ಲಿ ಕಿಡಿ ಹಾರುತ್ತಿದೆ, ದಯವಿಟ್ಟು ಸರಿಪಡಿಸಿ’ ಎಂದಷ್ಟೇ ಬರೆದರೆ ಏನಾಗುತ್ತದೆಂದು ಹೇಳುತ್ತೇನೆ. ಲೈನ್‌ಮ್ಯಾನ್ ಬೆಳಗ್ಗೆ ಹನ್ನೊಂದಕ್ಕೆ ಬರುತ್ತಾರೆ, ತಲೆಯೆತ್ತಿ ನೋಡುತ್ತಾರೆ. ಗಾಳಿಯಿಲ್ಲ, ಲೋಡ್ ಇಲ್ಲ, ಕಿಡಿಯೂ ಇಲ್ಲ. ‘ನೋಡಿದೆವು, ತೊಂದರೆ ಕಾಣಲಿಲ್ಲ’ ಎಂದು ಬರೆದರೆ ದೂರು ಮುಗಿಯಿತು. ನನ್ನ ಮೊದಲ ಪತ್ರದ ಗತಿಯೂ ಇದೇ. ತಪ್ಪು ಅವರದ್ದೆನ್ನುವುದಕ್ಕಿಂತ ಪತ್ರದ್ದು. ಎಲ್ಲಿ, ಯಾವ ಹೊತ್ತಿಗೆ, ಯಾವ ರೀತಿಯ ಕಿಡಿ ಎಂಬುದು ಅದರಲ್ಲಿ ಇರಲಿಲ್ಲ.

ಕಾಸರಗೋಡಿನ ಕರಾವಳಿಯ ಪೇಟೆಗಳಲ್ಲಿ ಅಂಗಡಿ ಸಾಲಿನ ಮೇಲೆ ಹೋಗುವುದು ಹೆಚ್ಚಾಗಿ ಮೂರು ಫೇಸ್, ಒಂದು ನ್ಯೂಟ್ರಲ್ ಇರುವ, ಹೊದಿಕೆಯಿಲ್ಲದ ಅಲ್ಯುಮಿನಿಯಂ ತಂತಿ. ಇದರಲ್ಲಿ ಕಿಡಿ ಏಳಲು ಸಾಮಾನ್ಯವಾಗಿ ಎರಡು ಕಾರಣ, ಎರಡಕ್ಕೂ ರಿಪೇರಿ ಬೇರೆ. ಒಂದು, ಕಂಬದ ಬಳಿಯ ಜೋಡಣೆ ಸಡಿಲಾಗಿರುವುದು. ಕಂಬದ ಎರಡು ಬದಿಯ ತಂತಿಗಳನ್ನು ಸೇರಿಸುವ ಜಂಪರ್ ತುಂಡೋ, ಅಂಗಡಿಗೆ ಇಳಿಸಿದ ಸರ್ವಿಸ್ ವಯರೋ ತಂತಿಗೆ ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ. ಉಪ್ಪುಗಾಳಿಗೆ ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಆ ಪದರದಲ್ಲಿ ಕರೆಂಟು ಸುಲಭವಾಗಿ ಹರಿಯದೆ ಜಾಗ ಬಿಸಿಯಾಗುತ್ತದೆ, ಬಿಸಿಯಾಗಿ ತಣಿದು ಇನ್ನಷ್ಟು ಸಡಿಲಾಗುತ್ತದೆ. ತಾಮ್ರದ ವಯರನ್ನು ನೇರವಾಗಿ ಅಲ್ಯುಮಿನಿಯಂಗೆ ಸುತ್ತಿದ್ದರೆ ಇದು ಬಹಳ ಬೇಗ ಆಗುತ್ತದೆ. ಈ ಕಿಡಿ ಗಾಳಿಗೆ ಕಾಯುವುದಿಲ್ಲ, ಲೋಡಿಗೆ ಕಾಯುತ್ತದೆ. ಸಂಜೆ ಆರೂವರೆಯ ಮೇಲೆ ಅಂಗಡಿಗಳ ದೀಪ, ಫ್ರೀಜರ್, ಮೀನು ಮಾರ್ಕೆಟಿನ ಫ್ಲಡ್‌ಲೈಟ್ ಎಲ್ಲ ಒಟ್ಟಿಗೆ ಓಡುವಾಗ ಒಂದೇ ಬಿಂದುವಿನಲ್ಲಿ ಚುರುಚುರು ಎಂದು ಹೊಳೆಯುತ್ತದೆ.

ಇನ್ನೊಂದು, ಎರಡು ಕಂಬಗಳ ನಡುವೆ ತಂತಿ ಜೋತುಬಿದ್ದು ಒಂದಕ್ಕೊಂದು ತಾಗುವುದು. ಇದು ಗಾಳಿಯ ಕಿಡಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುವಾಗ ‘ಟಪ್’ ಎಂಬ ಸದ್ದಿನೊಂದಿಗೆ ನೀಲಿ ಬೆಳಕು, ಅದೇ ಕ್ಷಣ ಅಂಗಡಿಯ ದೀಪ ಮಿಣುಕುತ್ತದೆ. ಕರಗಿದ ಅಲ್ಯುಮಿನಿಯಂ ಹನಿ ಕೆಳಗಿನ ಟರ್ಪಾಲಿನ ಮೇಲೆ ಬಿದ್ದು ಸಣ್ಣ ತೂತು ಮಾಡಿರುತ್ತದೆ. ಆ ತೂತುಗಳನ್ನು ಎಣಿಸಿ ಬರೆಯಿರಿ, ಅಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ.

ನಮ್ಮಲ್ಲಿ ಎರಡೂ ಇದ್ದವು. ಮೂರು ದಿನ ಗೋಡೆ ಕ್ಯಾಲೆಂಡರಿನ ಮೇಲೆ ಹೊತ್ತು ಗುರುತು ಹಾಕಿದ ಮೇಲೆಯೇ ಅದು ತಿಳಿದದ್ದು. ಎರಡನೇ ಪತ್ರ ಹೀಗಿತ್ತು:

‘ಅಸಿಸ್ಟೆಂಟ್ ಇಂಜಿನಿಯರ್ ಅವರಿಗೆ, ಇಲೆಕ್ಟ್ರಿಕಲ್ ಸೆಕ್ಷನ್ ಕಚೇರಿ.
ವಿಷಯ: ಮೀನು ಮಾರ್ಕೆಟ್ ರಸ್ತೆಯಲ್ಲಿ 14 ಮತ್ತು 15ನೇ ಕಂಬದ ಬಳಿ ಲೈನಿನಲ್ಲಿ ಕಿಡಿ, ತುರ್ತು.
ಮಾನ್ಯರೇ, ನನ್ನ ದಿನಸಿ ಅಂಗಡಿಯ ಕನ್ಸ್ಯೂಮರ್ ನಂಬರನ್ನು ಮೇಲೆ ಬರೆದಿದ್ದೇನೆ. ಮಾರ್ಕೆಟ್ ಟ್ರಾನ್ಸ್‌ಫಾರ್ಮರಿನಿಂದ ಬರುವ ಲೈನಿನಲ್ಲಿ ಎರಡು ಕಡೆ ತೊಂದರೆ ಇದೆ.
1. 14ನೇ ಕಂಬದಲ್ಲಿ ಮೇಲಿನಿಂದ ಎರಡನೇ ತಂತಿಗೆ ಸರ್ವಿಸ್ ವಯರ್ ಸೇರುವ ಜಾಗ. ತಾ. 4, 5 ಮತ್ತು 6ರಂದು ಸಂಜೆ 6.45ರಿಂದ 8.30ರ ನಡುವೆ, ಗಾಳಿ ಇಲ್ಲದಿದ್ದರೂ ಕಿಡಿ ಇತ್ತು. ವಯರಿನ ಹೊದಿಕೆ ಕಪ್ಪಾಗಿದೆ.
2. 14 ಮತ್ತು 15ರ ನಡುವೆ, ಕ್ಷೌರದಂಗಡಿಯ ನೇರಕ್ಕೆ ಮೇಲಿನ ಎರಡು ತಂತಿಗಳು ಗಾಳಿಗೆ ತಾಗುತ್ತವೆ. ತಾ. 4ರಂದು ಮಧ್ಯಾಹ್ನ 3.20ಕ್ಕೆ, 6ರಂದು 3.50ಕ್ಕೆ. ಕೆಳಗೆ ಟರ್ಪಾಲಿನಲ್ಲಿ ಏಳು ಸುಟ್ಟ ತೂತುಗಳಿವೆ. 15ನೇ ಕಂಬದ ಸ್ಟೇ ತಂತಿ ಸಡಿಲವಾಗಿದೆ.
ಈ ಜಾಗದಲ್ಲಿ ಮೀನು ಮಾರುವವರು ನೆಲ ಒದ್ದೆಯಿರುವಲ್ಲಿ ಕೂರುತ್ತಾರೆ. ಮೊದಲನೆಯದನ್ನು ಸಂಜೆ 7 ಗಂಟೆಗೆ, ಎರಡನೆಯದನ್ನು ಮಧ್ಯಾಹ್ನ 3ರ ಮೇಲೆ ಬಂದು ನೋಡಬೇಕಾಗಿ ವಿನಂತಿ. ಫೋನಿನಲ್ಲಿ ಕೊಟ್ಟ ದೂರಿನ ನಂಬರ್ ಮತ್ತು ಫೋಟೋಗಳು ಜೊತೆಗಿವೆ.’

ಕಂಬದ ನಂಬರ್ ಕಂಬದ ಮೇಲೆಯೇ ಬಣ್ಣದಲ್ಲಿ ಬರೆದಿರುತ್ತದೆ. ಪೋಸ್ಟರ್ ಅಂಟಿಸಿ ಅಳಿದಿದ್ದರೆ ಹತ್ತಿರದ ಎರಡು ಕಂಬಗಳ ನಂಬರ್ ನೋಡಿ ‘ಇವೆರಡರ ನಡುವಿನದು’ ಎಂದು ಬರೆದರಾಯಿತು. ಕನ್ಸ್ಯೂಮರ್ ನಂಬರ್ ಬಿಲ್ಲಿನಲ್ಲಿದೆ, 13 ಅಂಕೆ. ತಂತಿಗಳನ್ನು ಫೇಸಿನ ಹೆಸರು ಹಿಡಿದು ಆರ್, ವೈ, ಬಿ ಎಂದು ಊಹಿಸಿ ಬರೆಯಬೇಡಿ. ಮೇಲಿನಿಂದ ಎಷ್ಟನೆಯದು ಎಂದರೆ ಯಾರಿಗೂ ಗೊಂದಲವಿಲ್ಲ.

ಪತ್ರವನ್ನು ಕನ್ನಡದಲ್ಲೇ ಬರೆದೆ. ಆದರೆ ಏಣಿ ಹತ್ತುವವರು ಕೇರಳದ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ, ಕನ್ನಡ ಓದಲು ಬಾರದವರೂ ಇರಬಹುದು. ಹಾಗಾಗಿ ಕಂಬದ ನಂಬರ್, ಹೊತ್ತು, ‘ತೀಪ್ಪೊರಿ’ ಎಂಬ ಮೂರು ವಿಷಯಗಳನ್ನು ಮಲಯಾಳದಲ್ಲಿ ಎರಡು ಸಾಲು ಬರೆಸಿ ತಲೆಯ ಮೇಲೆ ಹಾಕಿಸಿದೆ. ಕನ್ನಡದಲ್ಲಿ ಬರೆಯುವ ಹಕ್ಕಿನ ಮಾತು ಬೇರೆ, ಇವತ್ತೇ ಕೆಲಸ ಆಗಬೇಕೆಂಬುದು ಬೇರೆ.

ಫೋಟೋ ವಿಷಯದಲ್ಲಿ ಒಂದು ಮಾತು. ಬರೀ ಕಿಡಿಯನ್ನು ಜೂಮ್ ಮಾಡಿ ತೆಗೆದರೆ ಅದು ಯಾವ ಊರಿನದೂ ಆಗಬಹುದು. ರಸ್ತೆಯ ಆಚೆ ಬದಿಯಿಂದ, ಅಂಗಡಿಯ ಬೋರ್ಡು ಮತ್ತು ಕಂಬ ಎರಡೂ ಬೀಳುವಂತೆ ಇಪ್ಪತ್ತು ಸೆಕೆಂಡಿನ ವೀಡಿಯೊ ಸಾಕು. ತಂತಿ ಎಷ್ಟು ಜೋತಿದೆ ಎಂದು ತೋರಿಸಲು ಎತ್ತರ ಗೊತ್ತಿರುವ ಶಟರ್ ಚೌಕಟ್ಟಿನಲ್ಲಿರಲಿ. ಎಂಟಡಿಯ ಶಟರಿನ ಎರಡು ಪಾಲು ಎತ್ತರಕ್ಕೂ ತಂತಿ ಇಲ್ಲವೆಂದು ಫೋಟೋದಲ್ಲಿ ಕಂಡರೆ ಅಂದಾಜಿಗೆ ಸಾಕು. ರಸ್ತೆ ದಾಟುವ ಲೋ ಟೆನ್ಷನ್ ಲೈನಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಹೇಳುವ ಕನಿಷ್ಠ ಎತ್ತರ 5.8 ಮೀಟರ್, ಅಂದರೆ ಸುಮಾರು 19 ಅಡಿ. ರಸ್ತೆಯ ಉದ್ದಕ್ಕೆ ಹೋಗುವುದಾದರೆ 5.5 ಮೀಟರ್. ಕೋಲು ಎತ್ತಿ, ಟೇಪು ಹಿಡಿದು ಅಳೆಯಲು ಹೋಗಬೇಡಿ. ಅಡಕೆ ಕೊಯ್ಯುವ ದೋಟಿಯಿಂದ ತಂತಿ ಬಿಡಿಸುತ್ತೇನೆಂದು ಹೊರಟವರನ್ನು ಅಲ್ಲೇ ನಿಲ್ಲಿಸಿ. ಅಲ್ಯುಮಿನಿಯಂ ದೋಟಿಯಷ್ಟೇ ಅಲ್ಲ, ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ.

ಪತ್ರಕ್ಕೆ ಮೊದಲು ಫೋನು. 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಕೇಳಿ ಬರೆದುಕೊಳ್ಳಬೇಕು. ಮರುದಿನ ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಕು ಹಾಕಿಸಿ ತರಬೇಕು. ತಂತಿ ತುಂಡಾಗಿ ಬಿದ್ದರೆ ಪತ್ರದ ಮಾತೇ ಇಲ್ಲ. ಜನರನ್ನು ದೂರ ಇಟ್ಟು ಫೋನ್ ಮಾಡುವುದೊಂದೇ ಕೆಲಸ. ಹಾಗೆಯೇ ನಿಮ್ಮ ಅಂಗಡಿಯ ಬಲ್ಬು ಇದ್ದಕ್ಕಿದ್ದಂತೆ ಉರಿದು ಬೆಳಗಿ, ಪಕ್ಕದಂಗಡಿಯದ್ದು ಮಂಕಾದರೆ ನ್ಯೂಟ್ರಲ್ ಕಡಿದಿದೆ ಎಂದರ್ಥ. 240 ವೋಲ್ಟ್ ಬರಬೇಕಾದಲ್ಲಿ 400ರ ಹತ್ತಿರಕ್ಕೂ ಏರಬಹುದು. ಆಗ ಮೈನ್ ಸ್ವಿಚ್ ಆಫ್ ಮಾಡಿ, ಅಕ್ಕಪಕ್ಕದವರಿಗೂ ಕೂಗಿ ಹೇಳಿ, ಆಮೇಲೆ ಫೋನ್.

ಎರಡನೇ ಪತ್ರ ಕೊಟ್ಟ ಸಂಜೆಯೇ ಓವರ್ಸಿಯರ್ ಏಳು ಗಂಟೆಗೆ ಬಂದು ನಿಂತರು. ಜೋಡಣೆಯ ಕೆಲಸ ಮರುದಿನ ಬೆಳಗ್ಗೆ ಲೈನ್ ಆಫ್ ಮಾಡಿ ಮುಗಿಯಿತು. ಸುಟ್ಟ ತುದಿ ಕತ್ತರಿಸಿ, ತಂತಿಯನ್ನು ಉಜ್ಜಿ, ಸುತ್ತಿದ ಗಂಟಿನ ಬದಲು ಬೋಲ್ಟಿನ ಕ್ಲಾಂಪ್ ಹಾಕಿದರು. ಜೋತ ತಂತಿಗೆ ಹೆಚ್ಚು ಹೊತ್ತು ಬೇಕಾಯಿತು. ಕಾರಣ 15ನೇ ಕಂಬದ ಸ್ಟೇ, ಅಂದರೆ ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟಿದ ತಂತಿ. ಅದರ ಬುಡದ ಮಣ್ಣನ್ನು ಚರಂಡಿಗೆಂದು ಯಾರೋ ಅಗೆದಿದ್ದರು, ಮೇಲಿಂದ ನಮ್ಮ ಸಾಲಿನವರೇ ಟರ್ಪಾಲಿನ ಹಗ್ಗ ಕಟ್ಟಿದ್ದರು. ಕಂಬ ವಾಲಿದ್ದರಿಂದಲೇ ತಂತಿ ಸಡಿಲಾದದ್ದು. ಸ್ಟೇ ಬಿಗಿ ಮಾಡದೆ ತಂತಿ ಎಳೆದಿದ್ದರೆ ಮತ್ತೆ ಜೋಲುತ್ತಿತ್ತು. ಸ್ಟೇ ಸರಿಪಡಿಸಿ, ತಂತಿ ಎಳೆದು, ತಂತಿಗಳು ಒಂದಕ್ಕೊಂದು ತಾಗದಂತೆ ನಡುವೆ ಎರಡು ಸ್ಪೇಸರ್ ಕೂರಿಸಿದರು. ಮುಂದಿನ ಮೂರು ದಿನ ಅದೇ 3.20ಕ್ಕೂ ಸಂಜೆ ಏಳಕ್ಕೂ ಹೊರಗೆ ನಿಂತು ನೋಡಿದೆ, ಕಿಡಿ ಕಾಣಲಿಲ್ಲ. ಟರ್ಪಾಲಿನ ಹಗ್ಗವನ್ನು ಈಗ ಅಂಗಡಿಯ ಗೋಡೆಯ ಕೊಂಡಿಗೆ ಕಟ್ಟುತ್ತೇವೆ.