ಕೆಂಪು ಸೀರೆ ಹಸಿರಾಗಲಿ, ಜರಿ ಜರಿಯಾಗಿಯೇ ಇರಲಿ

ಆಟಿ ತಿಂಗಳ ರಿಯಾಯಿತಿ ಶುರುವಾದರೆ ಸಾಕು, ಮಂಗಳೂರು, ಉಡುಪಿಯ ಸೀರೆ ಅಂಗಡಿಗಳ ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬ ಸೀರೆಗಳೇ. ಡಿಸೈನ್ ಒಂದೇ, ಬಣ್ಣ ಐದಾರು. ಸ್ವಲ್ಪ ದೊಡ್ಡದು ಮಾಡಿ ನೋಡಿ. ನೆರಿಗೆಗಳೆಲ್ಲ ಒಂದೇ ರೀತಿ ಬಿದ್ದಿವೆ, ಅಲ್ವಾ? ಫೋಟೋ ತೆಗೆದದ್ದು ಒಂದೇ ಸೀರೆಗೆ, ಉಳಿದವು ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿದವು. ಅದು ತಪ್ಪಲ್ಲ. ಆದರೆ ಜರಿ ಪಾಚಿ ಹಿಡಿದ ಹಾಗೆ ಹಸಿರಾಗಿರುತ್ತದೆ, ರೇಷ್ಮೆ ಪ್ಲಾಸ್ಟಿಕ್ ಆಗಿರುತ್ತದೆ. ನೋಡಲು ಬೇಸರ.

ಕುಂಕುಮ ಕೆಂಪು ರೇಷ್ಮೆ ಸೀರೆಯೊಂದನ್ನು ಗಾಢ ಹಸಿರು ಮಾಡುವುದನ್ನು ಇಲ್ಲಿ ಹೇಳುತ್ತೇನೆ. ಚಿನ್ನದ ಜರಿ ಅಂಚು, ಒಡಲಿನಲ್ಲಿ ಸಣ್ಣ ಬುಟ್ಟಾ ಇರುವ ಸೀರೆ. ಫೋಟೋಶಾಪ್ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

1. ಫೋಟೋ

ಮಳೆಗಾಲದ ಮೋಡದ ಬೆಳಕು, ಜಗಲಿಯ ಒಂದು ಬದಿಯಿಂದ ಬರಬೇಕು. ನೆರಿಗೆಯ ನೆರಳು ಚೆನ್ನಾಗಿ ಬೀಳುತ್ತದೆ. ಅಂಗಡಿಯ ಅಗ್ಗದ ಎಲ್‌ಇಡಿ ಲೈಟ್ ಬೇಡ. ಅದರಲ್ಲಿ ಜರಿಯ ಬಣ್ಣ ಮೊದಲೇ ಕೆಟ್ಟಿರುತ್ತದೆ.

ಕೆಂಪು ಸೀರೆಗೆ ಇನ್ನೊಂದು ಅಪಾಯ ಇದೆ. ಮೊಬೈಲ್ ಕ್ಯಾಮೆರಾ ಕೆಂಪನ್ನು ಜಾಸ್ತಿ ಉಬ್ಬಿಸಿಬಿಡುತ್ತದೆ. Channels ಪ್ಯಾನೆಲ್ ತೆರೆದು Red ಮೇಲೆ ಒತ್ತಿ ನೋಡಿ. ಸೀರೆ ಬರೀ ಬಿಳಿಯಾಗಿ, ನೆರಿಗೆಯ ಗುರುತೇ ಇಲ್ಲದೆ ಕಂಡರೆ ಆ ಫೋಟೋ ಬಿಟ್ಟುಬಿಡಿ. ಎಕ್ಸ್‌ಪೋಶರ್ ಇಳಿಸಿ ಇನ್ನೊಮ್ಮೆ ತೆಗೆಯಿರಿ. ಫೋಟೋದಲ್ಲಿ ಇಲ್ಲದ ನೆರಿಗೆಯನ್ನು ಆಮೇಲೆ ಯಾವ ಲೇಯರೂ ತಂದುಕೊಡುವುದಿಲ್ಲ.

ಮೂಲ ಸೀರೆಯನ್ನು ನೀವೇ ಆರಿಸಬಹುದಾದರೆ ಕೆಂಪಿನ ಬದಲು ನಡು ನೀಲಿಯದ್ದನ್ನು ಕೇಳಿ. ಬಣ್ಣದ ಚಕ್ರದಲ್ಲಿ ನೀಲಿಗೂ ಚಿನ್ನದ ಬಣ್ಣಕ್ಕೂ ದೂರ ಜಾಸ್ತಿ, ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಆದರೆ ಅಂಗಡಿಯವರು ಕೊಡುವುದು ಯಾವಾಗಲೂ ಕೆಂಪನ್ನೇ.

2. ಸೀರೆಯನ್ನು ಬೇರೆ ಮಾಡುವುದು

Object Selection ಟೂಲ್‌ನಿಂದ ಸೀರೆಯನ್ನು ಆರಿಸಿ, ಬ್ರಶ್‌ನಿಂದ ತಿದ್ದಿ. ಕೈ, ಕುತ್ತಿಗೆ, ಬಳೆ ಹೊರಗಿರಬೇಕು. ಮೈಬಣ್ಣವೂ ಕೆಂಪು, ಕಿತ್ತಳೆಯ ಹತ್ತಿರದ್ದೇ. ಒಳಗೆ ಬಿಟ್ಟರೆ ಬೆರಳು ಹಸಿರಾಗುತ್ತದೆ. ಲೇಯರ್ ಪ್ಯಾನೆಲ್‌ನಲ್ಲಿ ಒಂದು ಖಾಲಿ ಗ್ರೂಪ್ ಮಾಡಿ, ಈ ಆಯ್ಕೆಯನ್ನು ಆ ಗ್ರೂಪಿನ ಮಾಸ್ಕ್ ಮಾಡಿ. ಮಾಸ್ಕ್ ಬಿಳಿ ಇದ್ದಲ್ಲಿ ಲೇಯರ್ ಕೆಲಸ ಮಾಡುತ್ತದೆ, ಕಪ್ಪು ಇದ್ದಲ್ಲಿ ಮಾಡುವುದಿಲ್ಲ. ಮುಂದಿನ ಲೇಯರ್‌ಗಳೆಲ್ಲ ಇದರೊಳಗೆ ಕೂರುತ್ತವೆ.

3. ಒಡಲಿನ ಬಣ್ಣ

ಮೊದಲು ಎಷ್ಟು ತಿರುಗಿಸಬೇಕು ಎಂದು ತಿಳಿಯಬೇಕು. ಐಡ್ರಾಪರ್‌ನಿಂದ ಸೀರೆಯ ಮೇಲೆ ಒತ್ತಿ. ಹೊಳಪೂ ಅಲ್ಲದ, ನೆರಳೂ ಅಲ್ಲದ ಜಾಗ ಆಗಬೇಕು. ಬಣ್ಣದ ಚೌಕದ ಮೇಲೆ ಒತ್ತಿದರೆ H ಎಂಬಲ್ಲಿ ಅಂಕಿ ಕಾಣುತ್ತದೆ. ನಮ್ಮ ಕೆಂಪು 355 ಎಂದಿಟ್ಟುಕೊಳ್ಳಿ. ಈಗ ಅಂಗಡಿಯಲ್ಲಿರುವ ನಿಜವಾದ ಹಸಿರು ಸೀರೆಯ ಒಂದು ಮಡಿಕೆಯನ್ನು ಅದೇ ಬೆಳಕಿನಲ್ಲಿ ತೆಗೆದು, ಅದರ ಅಂಕಿಯನ್ನೂ ನೋಡಿ. 150 ಬಂತು ಅನ್ನೋಣ. ಬಣ್ಣದ ಚಕ್ರ 360ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರು. 355ರಿಂದ 360ಕ್ಕೆ 5, ಅಲ್ಲಿಂದ 150. ಒಟ್ಟು +155. ಅಂದಾಜಿನಲ್ಲಿ ಸ್ಲೈಡರ್ ಎಳೆದು 'ಹಸಿರು ಬಂತು' ಅನ್ನುವವರಿಂದಲೇ ಗಿರಾಕಿ ಸೀರೆ ವಾಪಸ್ ತರುವುದು. ಅಂಗಡಿಯಲ್ಲಿ ಇಲ್ಲದ ಬಣ್ಣವನ್ನಂತೂ ಮಾಡಲೇಬೇಡಿ.

ಗ್ರೂಪಿನೊಳಗೆ Hue/Saturation ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ. Ctrl+U ಬೇಡ, ಅದು ಫೋಟೋವನ್ನೇ ಬದಲಿಸಿಬಿಡುತ್ತದೆ. Hue ಅನ್ನು +155 ಮಾಡಿ. ಸೀರೆ ಹಸಿರಾಯಿತು, ಆದರೆ ಕಣ್ಣು ಕುಕ್ಕುವ ಹಸಿರು. ಇದಕ್ಕೆ ಕಾರಣ ಇದೆ. ಕಣ್ಣಿಗೆ ಹಸಿರು ಯಾವಾಗಲೂ ಕೆಂಪಿಗಿಂತ ಹೊಳಪಾಗಿ ಕಾಣುತ್ತದೆ, ನೀಲಿ ಮಂಕಾಗಿ ಕಾಣುತ್ತದೆ. ಸ್ಲೈಡರ್ ಬಣ್ಣವನ್ನು ತಿರುಗಿಸುತ್ತದೆ ಅಷ್ಟೆ, ಈ ಹೊಳಪಿನ ಲೆಕ್ಕ ಅದಕ್ಕಿಲ್ಲ. ಹಾಗಾಗಿ ಲೇಯರ್‌ನ ಬ್ಲೆಂಡ್ ಮೋಡ್ ಅನ್ನು Normalನಿಂದ Colorಗೆ ಬದಲಿಸಿ. ಈಗ ಬೆಳಕು ನೆರಳು ಮೂಲ ಫೋಟೋದ್ದು, ಬಣ್ಣ ಮಾತ್ರ ಹೊಸದು. ನೆರಿಗೆಗಳು ಹಾಗೆಯೇ ಉಳಿಯುತ್ತವೆ. Saturation ಅನ್ನು -20ರಿಂದ -30ರವರೆಗೆ ಇಳಿಸಿ. ಕೆಂಪಿನಷ್ಟೇ ಗಾಢವಾಗಿ ಹಸಿರನ್ನು ಬಿಟ್ಟರೆ ರೇಷ್ಮೆ ಅನಿಸುವುದಿಲ್ಲ.

Colorize ಎಂಬ ಚೌಕಕ್ಕೆ ಟಿಕ್ ಹಾಕಬೇಡಿ. ಸೀರೆ ಪ್ಲಾಸ್ಟಿಕ್ ಆಗುವುದು ಅಲ್ಲಿಯೇ. ರೇಷ್ಮೆಯ ಮೇಲಿನ ಮಿಂಚು ಸೀರೆಯ ಬಣ್ಣದ್ದಲ್ಲ, ಮೇಲೆ ಬಿದ್ದ ಬೆಳಕಿನದ್ದು. ಹಾಗಾಗಿ ಅದು ಬಿಳಿಗೆ ಹತ್ತಿರ. Hue ತಿರುಗಿಸಿದರೆ ಆ ಬಿಳಿ ಮಿಂಚು ಹಾಗೆಯೇ ಉಳಿಯುತ್ತದೆ. Colorize ಅದಕ್ಕೂ ಬಣ್ಣ ಬಳಿಯುತ್ತದೆ. ಡಬಲ್ ಶೇಡ್ ಸೀರೆಯಾದರೆ ಹಾಸಿನ ಬಣ್ಣ, ಹೊಕ್ಕಿನ ಬಣ್ಣ ಎರಡೂ ಒಂದೇ ಆಗಿಬಿಡುತ್ತವೆ. ಬೂದಿ ಅಥವಾ ಬಿಳಿ ಸೀರೆಗೆ ಮಾತ್ರ Colorize ಬೇಕು, ಅಲ್ಲಿ ತಿರುಗಿಸಲು ಬಣ್ಣವೇ ಇಲ್ಲ. ಒಂದೇ ಒತ್ತಿಗೆ ಬಣ್ಣ ಬದಲಿಸುವ ಮೊಬೈಲ್ ಆ್ಯಪ್‌ಗಳ ಸೀರೆಗಳೂ ಹೀಗೆಯೇ ಪ್ಲಾಸ್ಟಿಕ್ ಕಾಣುತ್ತವೆ. ಅವಕ್ಕೆ ದುಡ್ಡು ಕೊಡಬೇಡಿ.

4. ಅಂಚು ಮತ್ತು ಬುಟ್ಟಾ

ಹೆಚ್ಚಿನವರು ಕೆಡಿಸುವುದು ಇಲ್ಲಿ. ಜರಿ ಉಳಿಯಲಿ ಎಂದು ಅಂಚಿನ ಮೇಲೆ ಮಾಸ್ಕ್‌ನಲ್ಲಿ ಕಪ್ಪು ಬಳಿಯುತ್ತಾರೆ. ಜರಿ ಉಳಿಯುತ್ತದೆ, ಸರಿ. ಆದರೆ ಜರಿ ಎಳೆಗಳ ನಡುವೆ ಇಣುಕುವ ಕೆಂಪು ರೇಷ್ಮೆಯೂ ಉಳಿಯುತ್ತದೆ. ಹಸಿರು ಸೀರೆಗೆ ಕೊಳೆ ಹಿಡಿದ ಕೆಂಪಂಚು! ಎಳೆ ಎಳೆಯಾಗಿ ಮಾಸ್ಕ್ ಬಿಡಿಸಲು ಯಾರಿಗೂ ಆಗುವುದಿಲ್ಲ. ಬಿಡಿಸುವುದೂ ಬೇಡ. ಕೆಂಪು ಯಾವುದು, ಚಿನ್ನ ಯಾವುದು ಎಂದು ಲೇಯರ್‌ಗೇ ಹೇಳಬಹುದು.

ಮೊದಲು ಒಡಲಿನ ಲೇಯರ್‌ನ ಮಾಸ್ಕ್‌ನಲ್ಲಿ ಅಂಚಿಗೂ ಬುಟ್ಟಾಗಳಿಗೂ ಕಪ್ಪು ಬಳಿಯಿರಿ. ಬುಟ್ಟಾದ ಆಕಾರ ಬಿಡಿಸಬೇಡಿ, ಸುಮ್ನೆ ಸುತ್ತ ಒಂದು ವೃತ್ತ ಸಾಕು. ಆದರೆ ಬ್ರಶ್‌ನ Hardness 90ಕ್ಕಿಂತ ಮೇಲಿರಲಿ, ಗೆರೆ ಜರಿಯಿಂದ ಸ್ವಲ್ಪ ಆಚೆ, ಬರೀ ಕೆಂಪಿನ ಮೇಲೆ ಹೋಗಲಿ. ಮೆದು ಬ್ರಶ್ ಹಿಡಿದರೆ ಏನಾಗುತ್ತದೆ ಗೊತ್ತಾ? ಗೆರೆಯ ಮೇಲೆ ಅರ್ಧ ಕೆಂಪು, ಅರ್ಧ ಹಸಿರು ಸೇರಿ ಕಂದು ಆಗುತ್ತದೆ. ಮೇಲೆ ಬರುವ ಲೇಯರ್ ಹುಡುಕುವುದು ಕೆಂಪನ್ನು. ಕಂದನ್ನು ಅದು ಪೂರ್ತಿ ಬದಲಿಸುವುದಿಲ್ಲ. ಬುಟ್ಟಾ ಸುತ್ತ ಕಂದು ಉಂಗುರ ಕಂಡರೆ ಕಾರಣ ಇದೇ.

ಈಗ ಎರಡನೆಯ Hue/Saturation ಲೇಯರ್ ಹಾಕಿ. ಮೊದಲನೆಯದರ ಮಾಸ್ಕನ್ನು Alt ಒತ್ತಿ ಹಿಡಿದು ಇದರ ಮೇಲೆ ಎಳೆದು ಬಿಡಿ, ಆಮೇಲೆ Ctrl+I ಒತ್ತಿ. ಅಲ್ಲಿ ಕಪ್ಪಿದ್ದದ್ದು ಇಲ್ಲಿ ಬಿಳಿ. ಈ ಲೇಯರ್ ಅಂಚು ಮತ್ತು ಬುಟ್ಟಾಗಳಿಗೆ ಮಾತ್ರ. ಇದರ ಬ್ಲೆಂಡ್ ಮೋಡ್ ಕೂಡ Color.

Master ಎಂದಿರುವಲ್ಲಿ Reds ಆರಿಸಿ. ಕೆಳಗಿನ ಎರಡು ಬಣ್ಣದ ಪಟ್ಟಿಗಳ ನಡುವೆ ನಾಲ್ಕು ಗುರುತುಗಳು ಬರುತ್ತವೆ. 315, 345, 15, 45 ಎಂಬ ಅಂಕಿಗಳೂ ಕಾಣುತ್ತವೆ. ಒಳಗಿನ ಎರಡು ಗುರುತುಗಳ ನಡುವೆ ಪೂರ್ತಿ ಬದಲಾವಣೆ, ಅಲ್ಲಿಂದ ಹೊರಗಿನ ಗುರುತಿನವರೆಗೆ ನಿಧಾನವಾಗಿ ಕಡಿಮೆ. ಚಿನ್ನದ ಜರಿ ಇರುವುದು ಸುಮಾರು 35ರಿಂದ 50ರ ನಡುವೆ. ನೆರಳಿನಲ್ಲಿರುವ ಜರಿ ಇನ್ನೂ ಕೆಂಪಿನ ಕಡೆಗೆ. ಅಂದರೆ ಫೋಟೋಶಾಪ್ ತಾನಾಗಿ ಕೊಡುವ ಕೆಂಪಿನಲ್ಲಿ ಜರಿಯೂ ಸ್ವಲ್ಪ ಸೇರಿಕೊಂಡಿದೆ. ಜರಿ ಹಸಿರಾಗುವುದು ಹೀಗೆ.

ಬಲಗಡೆಯ ಒಳಗುರುತನ್ನು 8ರ ಹತ್ತಿರಕ್ಕೆ, ಹೊರಗುರುತನ್ನು 20ರ ಹತ್ತಿರಕ್ಕೆ ಎಳೆಯಿರಿ. ಈ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ, ಪ್ರತಿ ಫೋಟೋಕ್ಕೂ ಬೇರೆ. ಸರಿಯಾಯಿತೋ ಇಲ್ಲವೋ ನೋಡಲು Saturation ಅನ್ನು -100ಕ್ಕೆ ಇಳಿಸಿ, ಅಂಚನ್ನು ದೊಡ್ಡದು ಮಾಡಿ. ರೇಷ್ಮೆ ಪೂರ್ತಿ ಬೂದಿಯಾಗಬೇಕು, ಜರಿ ಚಿನ್ನವಾಗಿಯೇ ಇರಬೇಕು. ಜರಿಯಲ್ಲೂ ಬೂದಿ ಚುಕ್ಕೆಗಳಿದ್ದರೆ ಬಲಗಡೆಯ ಗುರುತುಗಳನ್ನು ಇನ್ನೂ ಎಡಕ್ಕೆ ತನ್ನಿ. ನೆರಳಿನಲ್ಲಿ ನೇರಳೆ ಛಾಯೆ ಉಳಿದಿದ್ದರೆ ಎಡಗಡೆಯ ಹೊರಗುರುತನ್ನು 300ರವರೆಗೆ ಹಿಗ್ಗಿಸಿ. ತೃಪ್ತಿಯಾದ ಮೇಲೆ ಒಡಲಿನ ಅಂಕಿಗಳನ್ನೇ ಇಲ್ಲೂ ಹಾಕಿ. Hue +155, Saturation ಅಲ್ಲಿ ಎಷ್ಟೋ ಅಷ್ಟೇ. ಬೇರೆ ಹಾಕಿದರೆ ಗೆರೆ ಕಾಣುತ್ತದೆ.

ಹಾಗಾದರೆ ಇಡೀ ಸೀರೆಗೆ Reds ಲೇಯರ್ ಒಂದೇ ಸಾಲದೇ? ಸಾಲದು. ನೆರಿಗೆಯ ಒಳಮಡಿಕೆಗಳಲ್ಲಿ ಕೆಂಪು ಮೇಲೆ ಕೆಂಪು ಬಿದ್ದು ಅಲ್ಲಲ್ಲಿ ಕಿತ್ತಳೆಯಾಗಿರುತ್ತದೆ. ಕಿರಿದು ಮಾಡಿದ ಈ ಲೇಯರ್ ಅದನ್ನು ಬಿಟ್ಟುಬಿಡುತ್ತದೆ, ಒಡಲ ತುಂಬ ತುಕ್ಕಿನ ಕಲೆಗಳು. ಅದಕ್ಕೇ ಒಡಲಿಗೆ Master, ಜರಿ ಇರುವಲ್ಲಿಗೆ Reds.

ಹಸಿರಿಗೆ ಒಂದು ಅನುಕೂಲ ಇದೆ. ಕೆಂಪಿನಿಂದ ಹಸಿರಿಗೆ ಹೋಗುವ ದಾರಿ ಹಳದಿಯ ಮೂಲಕ. ಹಾಗಾಗಿ ಜರಿ ಮತ್ತು ರೇಷ್ಮೆ ಬೆರೆತ ಚುಕ್ಕೆಗಳು ಅರ್ಧ ದಾರಿಯಲ್ಲಿ ನಿಂತರೂ ಹಳದಿ ಮಿಶ್ರಿತ ಹಸಿರಾಗುತ್ತವೆ, ಜರಿಯ ಪಕ್ಕ ಅದು ತಿಳಿಯುವುದೇ ಇಲ್ಲ. ನೀಲಿ ಬೇಕಾದರೆ Hue ಅನ್ನು ಮೈನಸ್ ಕಡೆಗೆ ತಿರುಗಿಸಬೇಕು, ದಾರಿ ಗುಲಾಬಿಯ ಮೂಲಕ. ಆಗ ಜರಿಯ ಸುತ್ತ ಗುಲಾಬಿ ಗೆರೆ ಏಳುತ್ತದೆ. ಎರಡನೆಯ ಲೇಯರ್‌ನ ಮೇಲೆ, ಅದರದ್ದೇ ಮಾಸ್ಕ್ ಇಟ್ಟು ಇನ್ನೊಂದು Hue/Saturation ಲೇಯರ್ ಹಾಕಿ, Reds ಮತ್ತು Magentas ಎರಡರಲ್ಲೂ Saturation -40 ಮಾಡಿ.

ಅರಶಿನ ಬಣ್ಣದ ಸೀರೆಗೆ ಚಿನ್ನದ ಜರಿ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಎರಡೂ ಒಂದೇ ಜಾಗದಲ್ಲಿವೆ. ಆ ಕೆಲಸ ಒಪ್ಪಿಕೊಳ್ಳಬೇಡಿ. ನಮ್ಮ ಉಡುಪಿ ಕೈಮಗ್ಗದ ಚೌಕುಳಿ ಹತ್ತಿ ಸೀರೆಯಲ್ಲಿ ತೊಂದರೆ ಬೇರೆ. ಅಲ್ಲಿ Master ತಿರುಗಿಸಿದರೆ ಚೌಕದ ಎರಡೂ ಬಣ್ಣ ಒಟ್ಟಿಗೆ ತಿರುಗುತ್ತವೆ. ಯಾವ ಬಣ್ಣ ಬದಲಾಗಬೇಕೋ ಅದರ ಹೆಸರನ್ನೇ ಪಟ್ಟಿಯಲ್ಲಿ ಆರಿಸಿ.

5. ಹೊಳಪು

Lightness ಸ್ಲೈಡರ್ ಮುಟ್ಟಬೇಡಿ. Color ಮೋಡ್‌ನಲ್ಲಿ ಅದು ಹೊಳಪನ್ನು ಬದಲಿಸುವುದಿಲ್ಲ, ಬಣ್ಣವನ್ನು ಮಾತ್ರ ಕೆಡಿಸುತ್ತದೆ. Normalನಲ್ಲಿ ಮೇಲಕ್ಕೆ ಎಳೆದರೆ ಸೀರೆಗೆಲ್ಲ ಬಿಳಿ ಬೆರೆಸುತ್ತದೆ, ನೆರಿಗೆಯ ನೆರಳು ಬೂದಿಯಾಗುತ್ತದೆ. ಕೆಳಕ್ಕೆ ಎಳೆದರೆ ಮಿಂಚು ಸಾಯುತ್ತದೆ. ಗ್ರೂಪಿನ ಮೇಲ್ತುದಿಯಲ್ಲಿ Curves ಲೇಯರ್ ಹಾಕಿ, ಮೋಡ್ Luminosity ಇಟ್ಟು, ಗೆರೆಯ ನಡುವನ್ನು ಮಾತ್ರ ಸ್ವಲ್ಪ ಎತ್ತಿ ಅಥವಾ ಇಳಿಸಿ. ಎರಡು ತುದಿಗಳು ಅಲ್ಲೇ ಇರಲಿ. ಜರಿಗೆ ಇದು ತಾಗಬಾರದು ಎಂದಾದರೆ ಒಡಲಿನ ಮಾಸ್ಕನ್ನು Alt ಒತ್ತಿ ಹಿಡಿದು ಇದಕ್ಕೂ ಎಳೆದು ಹಾಕಿ. ಬುಟ್ಟಾ ಸುತ್ತ ಗೆರೆ ಕಂಡರೆ ಆ ಮಾಸ್ಕ್ ಬೇಡ.

ಕೆಂಪಿನಿಂದ ಗಾಢ ಹಸಿರು, ನೇರಳೆ, ಕಡು ನೀಲಿ ಸುಲಭ. ತಿಳಿ ಹಳದಿಗೋ ಕೆನೆ ಬಣ್ಣಕ್ಕೋ ಎತ್ತಿದರೆ ನೆರಳಿನಲ್ಲಿ ಅಡಗಿದ್ದ ಕಾಳು ಕಾಳು ಎಲ್ಲ ಎದ್ದು ಬರುತ್ತದೆ. ಆ ಬಣ್ಣಗಳಿಗೆ ಬೇರೆಯೇ ಫೋಟೋ ತೆಗೆಯಿರಿ.

6. ಕೊನೆಗೆ

ಗಲ್ಲದ ಕೆಳಗೆ, ಮುಂಗೈ ಮೇಲೆ ಹಳೆಯ ಸೀರೆಯ ಕೆಂಪು ಪ್ರತಿಫಲನ ಇರುತ್ತದೆ. ಗ್ರೂಪಿನ ಹೊರಗೆ ಇನ್ನೊಂದು Hue/Saturation ಲೇಯರ್ ಹಾಕಿ, Reds ಆರಿಸಿ Saturation ಅನ್ನು -20 ಮಾಡಿ, ಮಾಸ್ಕನ್ನು ಪೂರ್ತಿ ಕಪ್ಪು ಮಾಡಿ. ಆ ಜಾಗಗಳಿಗೆ ಮಾತ್ರ ಮೆದು ಬ್ರಶ್‌ನಿಂದ ಬಿಳಿ ಬಳಿಯಿರಿ.

ಲೇಯರ್ ಇರುವ PSD ಒಂದು ಇಟ್ಟುಕೊಳ್ಳಿ. ನಾಳೆ ಅಂಗಡಿಯವರು 'ಅಣ್ಣಾ, ನೇರಳೆ ಒಂದು ಮಾಡಿ ಕೊಡಿ' ಅಂದರೆ ಎರಡು ಅಂಕಿ ಬದಲಿಸಿದರೆ ಮುಗಿಯಿತು. ಕೊಡುವ ಫೋಟೋವನ್ನು sRGBಗೆ ಬದಲಿಸಿ JPEG ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಮೊದಲು ಕಲಸಿಹೋಗುವುದು ಜರಿಯ ಸಣ್ಣ ಎಳೆಗಳೇ.